ಅರ್ಧ ಇಳಿದದ್ದು ಅರ್ಧ ಏರಿದರೆ ಸಾಲದು



ನಿವೃತ್ತಿಯಾದಾಗ ಕೈಗೆ ಬಂದ ಹಣದ ಒಂದು ಪಾಲನ್ನು ಮ್ಯೂಚುವಲ್ ಫಂಡಿನಲ್ಲಿ ಇಟ್ಟವರು ನಮ್ಮ ಸದಸ್ಯರಲ್ಲಿ ಈಗ ಕಡಿಮೆಯೇನಿಲ್ಲ. ಅವರು ನಮ್ಮ ಮುಂದೆ ಇಡುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ವರ್ಷಕ್ಕೆ ಸರಾಸರಿ ಶೇ. 15 ಬಂದಿದೆ ಅಂತಾರೆ. ಹಾಗಿದ್ದರೆ ಮೂರು ವರ್ಷವಾದರೂ ನಮ್ಮ ಹಣ ಇದ್ದಲ್ಲೇ ಇದೆಯಲ್ಲ, ಅದು ಹೇಗೆ?" ಹೇಳಿದವರು ಸುಳ್ಳು ಹೇಳಿದ್ದಾರೆ ಎಂದೇ ತಿಳಿಯಬೇಕಾಗಿಲ್ಲ. ಎರಡೂ ಮಾತು ಒಟ್ಟಿಗೆ ನಿಜವಾಗಬಹುದು. ಅದು ನಿಜವಾಗಿಯೇ ನಡೆದ ಮೂರು ವರ್ಷಗಳನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ.

2007ರ ಕೊನೆಯ ವಹಿವಾಟಿನ ದಿನ ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ 20,287ರಲ್ಲಿ ಮುಗಿದಿತ್ತು. 2008ರ ಕೊನೆಗೆ ಅದು 9,647, 2009ರ ಕೊನೆಗೆ 17,465, 2010ರ ಕೊನೆಗೆ 20,509. ಇದನ್ನು ವರ್ಷವಾರು ಗಳಿಕೆಯಾಗಿ ಬರೆದರೆ ಮೊದಲ ವರ್ಷ ಶೇ. 52.4 ನಷ್ಟ, ಎರಡನೆಯ ವರ್ಷ ಶೇ. 81 ಲಾಭ, ಮೂರನೆಯ ವರ್ಷ ಶೇ. 17.4 ಲಾಭ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ವರ್ಷಕ್ಕೆ ಸರಾಸರಿ ಶೇ. 15.3. ಲೆಕ್ಕದಲ್ಲಿ ತಪ್ಪಿಲ್ಲ.

ಈಗ ಅದೇ ಹಾದಿಯಲ್ಲಿ 10 ಲಕ್ಷ ರೂಪಾಯಿ ನಡೆಸೋಣ. ಮೊದಲ ವರ್ಷದ ಕೊನೆಗೆ ಉಳಿದದ್ದು 4.76 ಲಕ್ಷ. ಎರಡನೆಯ ವರ್ಷದ ಶೇ. 81 ಬಂದದ್ದು ಮೂಲ 10 ಲಕ್ಷದ ಮೇಲಲ್ಲ, ಉಳಿದ ಈ 4.76 ಲಕ್ಷದ ಮೇಲೆ. ಹಾಗಾಗಿ ಅಷ್ಟು ದೊಡ್ಡ ಏರಿಕೆಯ ನಂತರವೂ ಕೈಯಲ್ಲಿ ಇದ್ದದ್ದು 8.61 ಲಕ್ಷ ಮಾತ್ರ. ಮೂರನೆಯ ವರ್ಷದ ಕೊನೆಗೆ 10.11 ಲಕ್ಷ. ಮೂರು ವರ್ಷದ ಒಟ್ಟು ಲಾಭ ಹನ್ನೊಂದು ಸಾವಿರ ರೂಪಾಯಿ! ಸೆನ್ಸೆಕ್ಸಿನಲ್ಲಿ ಕಂಪನಿಗಳು ಕೊಡುವ ಡಿವಿಡೆಂಡ್ ಸೇರುವುದಿಲ್ಲ. ಅದನ್ನು ಸೇರಿಸಿದರೆ ಸ್ವಲ್ಪ ಹೆಚ್ಚಾದೀತು, ಆದರೆ ಚಿತ್ರ ಬದಲಾಗದು.

ಇಲ್ಲಿ ಕೆಲಸ ಮಾಡಿದ್ದು ಶಾಲೆಯ ಶೇಕಡಾ ಲೆಕ್ಕವೇ. ಉಳ್ಳಾಗಡ್ಡಿಯ ದರ ಕ್ವಿಂಟಲಿಗೆ 2,000 ಇದ್ದದ್ದು 1,500ಕ್ಕೆ ಬಿತ್ತು ಎನ್ನಿ. ಬಿದ್ದದ್ದು ಕಾಲು ಭಾಗ. ಮತ್ತೆ 2,000 ಆಗಲು ಅದೇ 500 ಏರಬೇಕು. ಆದರೆ ಈಗ ಆ 500 ಎಂಬುದು 1,500ರ ಮೂರರಲ್ಲೊಂದು ಪಾಲು, ಅಂದರೆ ಶೇ. 33.3. ರೂಪಾಯಿ ಬದಲಾಗಿಲ್ಲ, ಅದನ್ನು ಅಳೆಯುವ ಬುಡ ಚಿಕ್ಕದಾಗಿದೆ. ನೆನಪಿಡಲು ಸುಲಭ ದಾರಿಯೊಂದಿದೆ. ಐದರಲ್ಲೊಂದು ಪಾಲು ಹೋದರೆ ಉಳಿದದ್ದರ ನಾಲ್ಕರಲ್ಲೊಂದು ಬರಬೇಕು. ನಾಲ್ಕರಲ್ಲೊಂದು ಹೋದರೆ ಮೂರರಲ್ಲೊಂದು. ಮೂರರಲ್ಲೊಂದು ಹೋದರೆ ಅರ್ಧ. ಅರ್ಧವೇ ಹೋದರೆ ಉಳಿದದ್ದು ಪೂರ್ತಿ ದುಪ್ಪಟ್ಟಾಗಬೇಕು. ಶೇ. 10ರ ನಷ್ಟಕ್ಕೆ ಬೇಕಾಗುವ ಲಾಭ ಶೇ. 11 ಅಷ್ಟೇ, ಅದು ಯಾರ ನಿದ್ದೆಯನ್ನೂ ಕೆಡಿಸಬೇಕಾಗಿಲ್ಲ. ಶೇ. 60ರ ನಷ್ಟಕ್ಕೆ ಶೇ. 150 ಬೇಕು, ಶೇ. 80ಕ್ಕೆ ಶೇ. 400. ಹಳ್ಳ ಆಳವಾದಂತೆ ಹತ್ತುವ ದಾರಿ ಅದಕ್ಕಿಂತ ಬೇಗ ಉದ್ದವಾಗುತ್ತ ಹೋಗುತ್ತದೆ.

ಆದ್ದರಿಂದಲೇ ಒಂದು ಫಂಡನ್ನು ನೋಡುವಾಗ ಸರಾಸರಿಯ ಜೊತೆಗೆ ಹಳ್ಳದ ಆಳವನ್ನೂ ಕೇಳಬೇಕು ಎನ್ನುತ್ತೇವೆ. ಅದರ ಹೆಸರು ಮ್ಯಾಕ್ಸಿಮಮ್ ಡ್ರಾಡೌನ್, ನಮ್ಮ ಮಾತಿನಲ್ಲಿ ಗರಿಷ್ಠ ಇಳಿತ. ಒಂದು ಶಿಖರದಿಂದ, ಅದರ ನಂತರ ಬಂದ ತಳದವರೆಗೆ ಶೇಕಡಾ ಎಷ್ಟು ಇಳಿಯಿತು ಎಂಬುದರಲ್ಲಿ ಅತಿ ದೊಡ್ಡದು. "ಅದರ ನಂತರ" ಎಂಬ ಮಾತನ್ನು ಬಿಡಬೇಡಿ, ಲೆಕ್ಕ ತಪ್ಪುವುದು ಅಲ್ಲೇ.

ಒಂದು ಫಂಡಿನ ಬೆಲೆ ವರ್ಷ ವರ್ಷಕ್ಕೆ 100, 120, 90, 110, 150, 105, 130 ಹೀಗೆ ನಡೆಯಿತೆಂದುಕೊಳ್ಳಿ. ಇದರಲ್ಲಿ ದೊಡ್ಡ ಸಂಖ್ಯೆ 150, ಚಿಕ್ಕದು 90, ಆದ್ದರಿಂದ ಇಳಿತ ಶೇ. 40 ಎಂದು ಯಾರಾದರೂ ಹೇಳಿಯಾರು. ಅದು ಸರಿಯಲ್ಲ. 90 ಬಂದದ್ದು 150ಕ್ಕಿಂತ ಮೊದಲು. 150ರಲ್ಲಿ ಕೊಂಡವನು 90 ನೋಡಲೇ ಇಲ್ಲ. ಮಾಡಬೇಕಾದದ್ದು ಇಷ್ಟು: ಪ್ರತಿ ಸಾಲಿನಲ್ಲೂ ಅಲ್ಲಿಯವರೆಗಿನ ಅತಿ ಎತ್ತರದ ಬೆಲೆ ಯಾವುದು ಎಂದು ಬರೆದುಕೊಳ್ಳಿ. ಆ ದಿನದ ಬೆಲೆ ಆ ಎತ್ತರಕ್ಕಿಂತ ಶೇಕಡಾ ಎಷ್ಟು ಕೆಳಗಿದೆ ಎಂದು ಪಕ್ಕದಲ್ಲಿ ಬರೆಯಿರಿ. 120ರಿಂದ 90ಕ್ಕೆ ಶೇ. 25, 150ರಿಂದ 105ಕ್ಕೆ ಶೇ. 30. ದೊಡ್ಡದು ಶೇ. 30, ಅದೇ ಗರಿಷ್ಠ ಇಳಿತ. ಅದರಿಂದ ಮೇಲೆ ಬರಲು ಬೇಕಾದದ್ದು ಶೇ. 42.9. ಕೊನೆಯ 130 ಇನ್ನೂ 150 ಮುಟ್ಟಿಲ್ಲವಾದ್ದರಿಂದ ಈ ಫಂಡು ಇವತ್ತಿಗೂ ಹಳ್ಳದಲ್ಲೇ ಇದೆ, ಇನ್ನು ಶೇ. 15.4 ಏರಬೇಕು.

ಕಂಪ್ಯೂಟರಿನಲ್ಲಿ ಮಾಡುವವರು ಬೆಲೆಗಳನ್ನು B2ರಿಂದ B8ರವರೆಗೆ ತುಂಬಿ, ಕೆಳಗಿನ ಮೊದಲೆರಡು ಸೂತ್ರಗಳನ್ನು C2 ಮತ್ತು D2ರಲ್ಲಿ ಬರೆದು 8ನೆಯ ಸಾಲಿನವರೆಗೆ ಎಳೆಯಬೇಕು. ಉಳಿದೆರಡು E2 ಮತ್ತು E3ಕ್ಕೆ.

```
C2: =MAX(B$2:B2)
D2: =B2/C2-1
E2: =MIN(D2:D8)
E3: =1/(1+E2)-1
```

E2ರಲ್ಲಿ ‑30%, E3ರಲ್ಲಿ 42.9% ಬಂದರೆ ಸರಿಯಾಗಿದೆ ಎಂದರ್ಥ. ನಿಮ್ಮ ಬಳಿ ಬೆಲೆಗಳ ಬದಲು ವರ್ಷವಾರು ಶೇಕಡಾ ಗಳಿಕೆ ಮಾತ್ರ ಇದ್ದರೆ, ಮೊದಲು 100ರಿಂದ ಶುರುಮಾಡಿ ಒಂದೊಂದೇ ವರ್ಷದ ಗಳಿಕೆಯನ್ನು ಗುಣಿಸುತ್ತ ಬೆಲೆಯ ಸಾಲು ಮಾಡಿಕೊಳ್ಳಿ. ಆ ಆರಂಭದ 100 ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಮೊದಲ ವರ್ಷದ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಮೇಲಿನ ಸೆನ್ಸೆಕ್ಸ್ ಉದಾಹರಣೆಯಲ್ಲಿ ಇಳಿತವೇ ಇಲ್ಲವೆಂಬ ಉತ್ತರ ಬರುತ್ತದೆ!

ಫಂಡುಗಳ ದಿನವಹಿ ಬೆಲೆ, ಅಂದರೆ ಎನ್‌ಎವಿ, ಆಂಫಿ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿಂದ ತೆಗೆಯುವಾಗ ಗ್ರೋತ್ ಆಯ್ಕೆಯದನ್ನೇ ತೆಗೆಯಿರಿ. ಲಾಭ ಹಂಚುವ ಆಯ್ಕೆಯಲ್ಲಿ ಹಣ ನಿಮ್ಮ ಖಾತೆಗೆ ಬಂದ ದಿನ ಎನ್‌ಎವಿ ಅಷ್ಟು ಕೆಳಗಿಳಿಯುತ್ತದೆ. ಅದು ನಷ್ಟವಲ್ಲ, ಆದರೆ ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ.

ದಿನವಹಿ ಅಂಕಿ ಏಕೆ ಬೇಕು ಎಂಬುದನ್ನೂ 2008ರ ಕಥೆಯೇ ಹೇಳುತ್ತದೆ. ವರ್ಷದ ಕೊನೆಯ ಅಂಕಿಗಳನ್ನಷ್ಟೇ ನೋಡಿದರೆ ಗರಿಷ್ಠ ಇಳಿತ ಶೇ. 52.4. ಆದರೆ ನಿಜವಾದ ಶಿಖರವೂ ತಳವೂ ಡಿಸೆಂಬರ್ 31ಕ್ಕಾಗಿ ಕಾಯುವುದಿಲ್ಲ. ದಿನದ ಮುಕ್ತಾಯದ ಲೆಕ್ಕದಲ್ಲಿ ಸೆನ್ಸೆಕ್ಸ್ 2008ರ ಜನವರಿ 8ರಂದು 20,873ರಲ್ಲಿತ್ತು, 2009ರ ಮಾರ್ಚ್ 9ರಂದು 8,160ಕ್ಕೆ ಬಂದಿತ್ತು. ಇಳಿತ ಶೇ. 60.9. ಮೇಲೆ ಬರಲು ಬೇಕಾದ ಲಾಭ ವರ್ಷಾಂತ್ಯದ ಲೆಕ್ಕದಲ್ಲಿ ಶೇ. 110, ದಿನದ ಲೆಕ್ಕದಲ್ಲಿ ಶೇ. 156. ಒಂದೇ ಪೇಟೆ, ಒಂದೇ ಕುಸಿತ, ಆದರೂ ಇಷ್ಟು ಅಂತರ. ಎರಡು ಫಂಡುಗಳ ಇಳಿತವನ್ನು ಹೋಲಿಸುವವರು ಎರಡಕ್ಕೂ ಒಂದೇ ಬಗೆಯ ಅಂಕಿ, ಒಂದೇ ಅವಧಿ ಹಿಡಿದಿದ್ದಾರೆಯೇ ಎಂದು ಮೊದಲು ನೋಡಬೇಕು.

ಆ ತಳದಿಂದ ಸೆನ್ಸೆಕ್ಸ್ ಹಳೆಯ ಎತ್ತರಕ್ಕೆ ಮರಳಿದ್ದು 2010ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೆ. ಇಳಿಯಲು ಹದಿನಾಲ್ಕು ತಿಂಗಳು, ಏರಲು ಇಪ್ಪತ್ತು ತಿಂಗಳು. ಶೇ. 156 ಏರಿಕೆ ಇಪ್ಪತ್ತೇ ತಿಂಗಳಲ್ಲಿ ಸಿಕ್ಕಿದ್ದು ಅದೃಷ್ಟವೆಂದೇ ನಮ್ಮ ಎಣಿಕೆ. ವರ್ಷಕ್ಕೆ ಶೇ. 12ರಂತೆ ಏರಿದ್ದರೆ ಎಂಟು ವರ್ಷ ದಾಟುತ್ತಿತ್ತು. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಕೊನೆಯಲ್ಲಿ 38,916 ಇದ್ದದ್ದು 2009ರ ಮಾರ್ಚಿನಲ್ಲಿ 7,055ಕ್ಕೆ ಇಳಿದು, ಆ ಹಳೆಯ ಎತ್ತರವನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ! ಗರಿಷ್ಠ ಇಳಿತ ಎಂಬ ಸಂಖ್ಯೆ ಆಳವನ್ನು ಹೇಳುತ್ತದೆ, ಎಷ್ಟು ದಿನ ಕೆಳಗಿರಬೇಕಾದೀತು ಎಂಬುದನ್ನು ಹೇಳುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು.

ನಮ್ಮ ಹಿರಿಯ ಸದಸ್ಯರಿಗೆ ಮುಖ್ಯವಾದದ್ದು ಇನ್ನೊಂದಿದೆ. ಇಷ್ಟು ಹೊತ್ತು ಹಣವನ್ನು ಮುಟ್ಟದೆ ಬಿಟ್ಟವರ ಲೆಕ್ಕ ನೋಡಿದೆವು. ತಿಂಗಳಿಗೆ 5,000ದಂತೆ ಮನೆಖರ್ಚಿಗೆ ತೆಗೆಯುತ್ತಿದ್ದರೆ? ಲೆಕ್ಕ ಸುಲಭವಾಗಲೆಂದು ವರ್ಷದ 60,000ವನ್ನು ವರ್ಷದ ಕೊನೆಗೆ ಒಟ್ಟಿಗೆ ತೆಗೆದರೆಂದು ಇಟ್ಟುಕೊಳ್ಳೋಣ. 2008ರ ಕೊನೆಗೆ 4.76 ಲಕ್ಷದಲ್ಲಿ 60,000 ಹೋಗಿ ಉಳಿಯುವುದು 4.16 ಲಕ್ಷ. ಅದು ಶೇ. 81 ಬೆಳೆದು, ಮತ್ತೆ 60,000 ಕಳೆದರೆ 6.92 ಲಕ್ಷ. ಮೂರನೆಯ ವರ್ಷವೂ ಹಾಗೆಯೇ ಮಾಡಿದರೆ 7.53 ಲಕ್ಷ. ಸೂಚ್ಯಂಕ ಹಳೆಯ ಜಾಗಕ್ಕೆ ಬಂದಿದೆ, ಪತ್ರಿಕೆಗಳು ಚೇತರಿಕೆ ಎಂದು ಬರೆದಿವೆ, ಇವರ ಗಂಟು ಮಾತ್ರ ಕಾಲು ಭಾಗ ಕರಗಿದೆ. ತೆಗೆದದ್ದು ಒಟ್ಟು 1.80 ಲಕ್ಷ, ಕಡಿಮೆಯಾದದ್ದು 2.47 ಲಕ್ಷ. ಪೇಟೆ ತಳದಲ್ಲಿದ್ದಾಗ ತೆಗೆದ ಹಣಕ್ಕೆ ಮುಂದಿನ ಏರಿಕೆಯಲ್ಲಿ ಪಾಲು ಸಿಗಲಿಲ್ಲ.

ಆದ್ದರಿಂದ ತಿಂಗಳ ಖರ್ಚಿಗೆ ಫಂಡನ್ನೇ ನಂಬಿರುವವರು ಮೂರು ವರ್ಷದಷ್ಟಾದರೂ ಖರ್ಚಿನ ಹಣವನ್ನು ಬ್ಯಾಂಕಿನ ಠೇವಣಿಯಲ್ಲಿ ಬೇರೆಯಿಟ್ಟು, ಪೇಟೆ ಬಿದ್ದ ಕಾಲದಲ್ಲಿ ಅದರಿಂದ ತೆಗೆಯುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. 2008ರ ಹಳ್ಳ ಮೂವತ್ತನಾಲ್ಕು ತಿಂಗಳಿನದು ಎಂಬುದೇ ಈ ಮೂರು ವರ್ಷಕ್ಕೆ ಆಧಾರ, ಅದಕ್ಕಿಂತ ದೊಡ್ಡ ಶಾಸ್ತ್ರವೇನಿಲ್ಲ. ಇನ್ನೂ ನೌಕರಿಯಲ್ಲಿದ್ದು ತಿಂಗಳು ತಿಂಗಳು ಹಣ ಹಾಕುವ ಕಿರಿಯರ ಸ್ಥಿತಿ ಇದಕ್ಕೆ ತಿರುಗುಮುರುಗು. ತಳದಲ್ಲಿ ಅವರಿಗೆ ಅಗ್ಗದಲ್ಲಿ ಯೂನಿಟ್ ಸಿಗುತ್ತದೆ, ಸೂಚ್ಯಂಕಕ್ಕಿಂತ ಮೊದಲೇ ಅವರ ಗಂಟು ಮೇಲೆ ಬರುತ್ತದೆ.

ಫಂಡಿನ ಇಳಿತ ಚಿಕ್ಕದೆಂದು ಯಾರಾದರೂ ತೋರಿಸಿದರೆ ಅದು ಯಾವಾಗ ಶುರುವಾಯಿತು ಎಂದು ಕೇಳಿ. ಈ ಸಂಖ್ಯೆ ಅವಧಿ ಉದ್ದವಾದಂತೆ ದೊಡ್ಡದಾಗಬಹುದು, ಚಿಕ್ಕದಾಗಲಾರದು. 2009ರ ಏಪ್ರಿಲಿನಲ್ಲಿ ಶುರುವಾದ ಫಂಡಿನ ಪುಟದಲ್ಲಿ 2008 ಇರುವುದೇ ಇಲ್ಲ. 2021ರಲ್ಲಿ ಶುರುವಾದದ್ದರಲ್ಲಿ 2020ರ ಜನವರಿಯಿಂದ ಮಾರ್ಚಿನವರೆಗೆ ಸೆನ್ಸೆಕ್ಸ್ ಶೇ. 38 ಇಳಿದ ಆ ಎರಡು ತಿಂಗಳೂ ಇರುವುದಿಲ್ಲ. ಅಂಥ ಫಂಡಿಗೆ ಅದರದೇ ಅಂಕಿಯ ಬದಲು, ಅದು ಯಾವ ಸೂಚ್ಯಂಕದೊಂದಿಗೆ ತನ್ನನ್ನು ಹೋಲಿಸಿಕೊಳ್ಳುತ್ತದೆಯೋ ಆ ಸೂಚ್ಯಂಕದ ಹಳೆಯ ಸಾಲನ್ನು ಮೇಲಿನ ಸೂತ್ರಕ್ಕೆ ಕೊಟ್ಟು ನೋಡಿ. ಸಾಲುಗಳು ಹೆಚ್ಚಾದಾಗ D8 ಎಂಬುದನ್ನು ಕೊನೆಯ ಸಾಲಿನ ಸಂಖ್ಯೆಗೆ ಬದಲಿಸಲು ಮರೆಯಬೇಡಿ.