ಕ್ಯಾನ್ವಾಸಿನ ಬಿಗಿ ಎಲ್ಲಿಂದ ಬರಬೇಕು?

ಹಳೆಯ ತೈಲವರ್ಣ ಚಿತ್ರಗಳ ಮೇಲೆ ಪಕ್ಕದಿಂದ ಬೆಳಕು ಬಿದ್ದಾಗ ಗಮನಿಸಿ ನೋಡಿದರೆ, ಬಣ್ಣದ ಬಿರುಕುಗಳು ಎಲ್ಲ ಕಡೆ ಒಂದೇ ಸಮನಾಗಿ ಹರಡಿಲ್ಲ ಎಂಬುದು ತಿಳಿಯುತ್ತದೆ. ಎಷ್ಟೋ ಚಿತ್ರಗಳಲ್ಲಿ ನಡುಭಾಗ ನೆಟ್ಟಗಿರುತ್ತದೆ, ಮೂಲೆಗಳಲ್ಲಿ ಮಾತ್ರ ಬಿರುಕು ದಟ್ಟವಾಗಿರುತ್ತದೆ. ನಾಲ್ಕು ಮೂಲೆಗಳಲ್ಲೂ ಇರುವುದು ಅದೇ ಬಟ್ಟೆ, ಅದೇ ಬಣ್ಣ, ಅದೇ ಕಲಾವಿದನ ಕೈ. ಹಾಗಿದ್ದರೂ ಮೂಲೆಗಳೇ ಮೊದಲು ಸೋಲಲು ಮುಖ್ಯ ಕಾರಣ ಚಿತ್ರದ ಬೆನ್ನ ಹಿಂದಿದೆ. ಕ್ಯಾನ್ವಾಸನ್ನು ಎಳೆದು ಕಟ್ಟುವ ಮರದ ಚೌಕಟ್ಟಿನ ಒಂದೊಂದು ಮೂಲೆಯಲ್ಲೂ ಎರಡೆರಡು ಸಣ್ಣ ಬೆಣೆಗಳಿರುತ್ತವೆ. ಬಟ್ಟೆ ಸಡಿಲವಾಯಿತೆಂದರೆ ಅವನ್ನು ಬಡಿದು ಒಳಗೆ ಇಳಿಸುತ್ತಾರೆ. ಆಗ ಪಟ್ಟಿಗಳ ಜೋಡಣೆ ಕೊಂಚ ಬಾಯ್ದೆರೆದು ಚೌಕಟ್ಟು ದೊಡ್ಡದಾಗುತ್ತದೆ, ಬಟ್ಟೆ ಬಿಗಿಯಾಗುತ್ತದೆ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ಈ ಉಪಾಯ ಇಂದು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಸ್ಟ್ರೆಚರ್ ಪಟ್ಟಿಗಳ ಜೊತೆಗೇ ಬರುತ್ತದೆ. ಅದರ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಬಂದಿದೆ: ಬಟ್ಟೆಯನ್ನು ಹೇಗೋ ಹೊಡೆದು ಕೂರಿಸಿದರಾಯಿತು, ಉಳಿದ ಬಿಗಿಯನ್ನು ಬೆಣೆ ಕೊಡುತ್ತದೆ ಎಂಬುದು. ಬಿಗಿ ಬರಬೇಕಾದದ್ದು ಎಳೆಯುವಾಗ, ಕೈಯಿಂದ ಮತ್ತು ಸ್ಟೇಪಲ್‌ಗಳ ಸಮತೆಯಿಂದ. ಬೆಣೆ ಸಮನಾದ ಬಿಗಿಯನ್ನು ಕೊಡಲಾರದು, ಏಕೆಂದರೆ ಅದರ ರಚನೆಯೇ ಅದಕ್ಕೆ ಅಡ್ಡಿ.

ಇದು ಅರ್ಥವಾಗಲು ಮೊದಲು ಬಟ್ಟೆಯ ಸ್ವಭಾವ ತಿಳಿಯಬೇಕು. ಕ್ಯಾನ್ವಾಸ್ ಹತ್ತಿಯದಾಗಲಿ ಅಗಸೆ ನಾರಿನದಾಗಲಿ, ಅದು ಹಾಸು ಹೊಕ್ಕುಗಳ ನೇಯ್ಗೆ. ಪ್ರತಿ ಎಳೆಯೂ ಅಡ್ಡ ಬರುವ ಎಳೆಗಳ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಹಾಯುವುದರಿಂದ ಅಲೆಯಲೆಯಾಗಿರುತ್ತದೆ. ಬಟ್ಟೆಯನ್ನು ಎಳೆದಾಗ ಮೊದಲು ಹಿಗ್ಗುವುದು ನೂಲಲ್ಲ, ಅದರ ಅಲೆ ನೇರವಾಗುತ್ತದೆ. ಹಾಸಿನ ಎಳೆ ನೇರವಾದಷ್ಟೂ ಹೊಕ್ಕಿನ ಎಳೆ ಅದನ್ನು ಸುತ್ತಲು ಹೆಚ್ಚು ಬಾಗಬೇಕು. ಅಂದರೆ ಬಟ್ಟೆ ಒಂದು ದಿಕ್ಕಿನಲ್ಲಿ ಉದ್ದವಾದಂತೆ ಇನ್ನೊಂದು ದಿಕ್ಕಿನಲ್ಲಿ ಗಿಡ್ಡವಾಗುತ್ತದೆ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೆಲಸ ಕೆಡುವುದು ಇದರಿಂದಲೇ. ಮೊದಲ ಜೋಡಿ ಬದಿಗಳ ಎಳೆತ ಎರಡನೆಯ ಜೋಡಿಗೆ ಸಿಗಬೇಕಾದ ಬಟ್ಟೆಯನ್ನು ಆಗಲೇ ಕಬಳಿಸಿರುತ್ತದೆ. ಇನ್ನೊಂದು ಗುಣವೂ ಇದೆ. ನೇಯ್ದ ಬಟ್ಟೆ ಎಳೆಗಳ ನೇರದಲ್ಲಿ ಗಟ್ಟಿ, ಓರೆಯಲ್ಲಿ ಮೆತ್ತಗೆ. ಎಳೆಗೆ ನೇರವಾಗಿ ಎಳೆಯದೆ ತುಸು ಪಕ್ಕಕ್ಕೆ ಎಳೆದರೂ ಚೌಕಾಕಾರದ ನೇಯ್ಗೆ ವಾಲುತ್ತದೆ, ಮೂಲೆಯಿಂದ ಒಳಕ್ಕೆ ಓರೆ ಸುಕ್ಕು ಏಳುತ್ತದೆ. ಓರೆ ಸುಕ್ಕು ಕಂಡರೆ ಬಲ ಸಾಲದು ಎಂದುಕೊಂಡು ಇನ್ನಷ್ಟು ಎಳೆಯುವವರು ಹೆಚ್ಚು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ದಿಕ್ಕು ತಪ್ಪಿರುತ್ತದೆ, ಬಲ ಕಡಿಮೆಯಾಗಿರುವುದಿಲ್ಲ.

60 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಒಂದು ಚೌಕಟ್ಟನ್ನು ತೆಗೆದುಕೊಳ್ಳೋಣ. ಪಟ್ಟಿಗಳನ್ನು ಜೋಡಿಸಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆಯಬೇಕು, ಎರಡೂ 108.2 ಸೆಂ.ಮೀ. ಆಸುಪಾಸು ಬಂದು ಒಂದಕ್ಕೊಂದು ಸರಿಹೊಂದಿದರೆ ಚೌಕಟ್ಟು ಮೂಲೆಮಟ್ಟವಾಗಿದೆ ಎಂದರ್ಥ. ವಾಲಿದ ಚೌಕಟ್ಟಿಗೆ ಬಟ್ಟೆ ಕಟ್ಟಿದರೆ ನೇಯ್ಗೆಯೂ ವಾಲುತ್ತದೆ, ಆಮೇಲೆ ಸರಿಮಾಡಲು ಬರುವುದಿಲ್ಲ. ಬಟ್ಟೆಯನ್ನು ಪ್ರತಿ ಬದಿಯಲ್ಲಿ ಆರೇಳು ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ಒಂದು ಎಳೆ ಪಟ್ಟಿಯ ಅಂಚಿಗೆ ಸಮಾನಾಂತರವಾಗಿ ಓಡುವಂತೆ ಹಾಸಬೇಕು. ಪಟ್ಟಿಯ ಎತ್ತರಿಸಿದ ಹೊರ ಅಂಚು ಬಟ್ಟೆಯ ಕಡೆಗಿರಲಿ. ಇಲ್ಲದಿದ್ದರೆ ಮರದ ಒಳ ಅಂಚು ಬಟ್ಟೆಗೆ ತಾಗಿ ಚಿತ್ರದ ಮೇಲೆ ಗೆರೆಯಾಗಿ ಮೂಡುತ್ತದೆ. ಈಗ ಒಂದು ಉದ್ದ ಬದಿಯ ನಡುವೆ ಒಂದು ಸ್ಟೇಪಲ್, ಎಳೆದುಕೊಂಡು ಎದುರು ಬದಿಯ ನಡುವೆ ಇನ್ನೊಂದು. ಆಮೇಲೆ ಗಿಡ್ಡ ಬದಿಗಳ ನಡುವೆ ಒಂದೊಂದು. ಬಟ್ಟೆಯ ಮೇಲೆ ನಾಲ್ಕು ಸ್ಟೇಪಲ್‌ಗಳನ್ನು ಸೇರಿಸುವ ವಜ್ರಾಕಾರದ ಮಡಿಕೆ ಕಾಣಿಸಿಕೊಂಡರೆ ಹೆದರಬೇಕಿಲ್ಲ. ಅಲ್ಲಿಂದ ಎರಡೂ ಪಕ್ಕಕ್ಕೆ 5 ಸೆಂ.ಮೀ.ಗೆ ಒಂದರಂತೆ, ಪ್ರತಿ ಸಲವೂ ಎದುರು ಬದಿಗೆ ಹೋಗಿ, ಉದ್ದ ಬದಿಯ ಒಂದು ಸುತ್ತಿನ ನಂತರ ಗಿಡ್ಡ ಬದಿಯ ಒಂದು ಸುತ್ತು ಎಂಬಂತೆ ಮೂಲೆಗಳತ್ತ ಸಾಗಬೇಕು. ಹೀಗೆ ಸಾಗಿದರೆ ಉಳಿಕೆ ಬಟ್ಟೆ ಮೂಲೆಗಳತ್ತ ಸರಿದುಹೋಗುತ್ತದೆ. ಮೂಲೆಯಿಂದ ಆರಂಭಿಸಿದರೆ ಅದಕ್ಕೆ ಹೋಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ. ಸ್ಟೇಪಲನ್ನು ಅಂಚಿಗೆ ತುಸು ಓರೆಯಾಗಿ ಹೊಡೆದರೆ ಅದು ಹಲವು ಎಳೆಗಳನ್ನು ಹಿಡಿಯುತ್ತದೆ, ಅದರ ಎರಡು ಕಾಲುಗಳೂ ಮರದ ಒಂದೇ ಎಳೆಯಲ್ಲಿ ಇಳಿದು ಅದನ್ನು ಸೀಳುವುದಿಲ್ಲ. ಮೂಲೆಯ ಮಡಿಕೆಯನ್ನು ಹಿಡಿಯುವ ಸ್ಟೇಪಲ್ ಒಂದೇ ಪಟ್ಟಿಯ ಮೇಲೆ ಕೂರಬೇಕು. ಜೋಡಣೆಯ ಗೆರೆಯ ಮೇಲೆ ಅಡ್ಡಲಾಗಿ ಹೊಡೆದರೆ ಎರಡೂ ಪಟ್ಟಿಗಳನ್ನು ಒಟ್ಟಿಗೆ ಬಂಧಿಸಿದಂತಾಗಿ, ಆ ಮೂಲೆ ಮುಂದೆಂದೂ ಬೆಣೆಗೆ ಸ್ಪಂದಿಸದು.

ಸ್ಟೇಪಲ್‌ಗಳ ಅಂತರ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಹಳೆಯ ಚಿತ್ರಗಳ ಎಕ್ಸ್‌ರೇ ಚೆನ್ನಾಗಿ ಸಾಕ್ಷಿ ಹೇಳುತ್ತದೆ. ಸೀಸದ ಬಿಳಿ ಬೆರೆತ ಅಸ್ತರು ನೇಯ್ಗೆಯ ಸಂದುಗಳಲ್ಲಿ ತುಂಬಿಕೊಂಡಿರುವುದರಿಂದ ಎಕ್ಸ್‌ರೇಯಲ್ಲಿ ಎಳೆಗಳ ಹಾದಿ ಸ್ಪಷ್ಟವಾಗಿ ಕಾಣುತ್ತದೆ. ಅಂಚಿನ ಹತ್ತಿರ ಆ ಎಳೆಗಳು ನೇರವಾಗಿರದೆ, ಮೊಳೆ ಅಥವಾ ಹುರಿ ಎಳೆದ ಕಡೆ ಹೊರಕ್ಕೆ ಚಾಚಿ, ಎರಡು ಮೊಳೆಗಳ ನಡುವೆ ಒಳಕ್ಕೆ ಸರಿದು, ಬಾಗಿಲ ತೋರಣದಂತೆ ಸಾಲಾಗಿ ಬಾಗಿರುತ್ತವೆ. ಬಟ್ಟೆಗೆ ಅಂಟು ಬಳಿದು ಅಸ್ತರು ಹಚ್ಚಿದಾಗ ಆ ಬಾಗು ಹಾಗೆಯೇ ಗಟ್ಟಿಯಾಗಿ, ಮುನ್ನೂರು ವರ್ಷದ ನಂತರವೂ ಉಳಿದಿರುತ್ತದೆ. ಇದನ್ನು ನೋಡಿಯೇ ತಜ್ಞರು ಒಂದು ಚಿತ್ರದ ಯಾವ ಅಂಚು ಮೂಲದ್ದು, ಯಾವುದನ್ನು ಆಮೇಲೆ ಕತ್ತರಿಸಿದ್ದಾರೆ ಎಂದು ಊಹಿಸುತ್ತಾರೆ. ನಮ್ಮ ಕೆಲಸಕ್ಕೆ ಬೇಕಾದ ಸಂಗತಿ ಬೇರೆ: ಈ ಬಾಗು ಒಳಮುಖವಾಗಿ ಸಾಗುತ್ತ ಕ್ರಮೇಣ ಅಳಿಯುತ್ತದೆ, ಮತ್ತು ಅಳಿಯಲು ಬೇಕಾಗುವ ದೂರ ಮೊಳೆಗಳ ನಡುವಿನ ಅಂತರದಷ್ಟೇ ಸರಿಸುಮಾರು. 5 ಸೆಂ.ಮೀ. ಅಂತರದಲ್ಲಿ ಹೊಡೆದರೆ ಅಂಚಿನ ಸುಮಾರು 5 ಸೆಂ.ಮೀ. ಪಟ್ಟೆಯಲ್ಲಿ ಎಳೆತ ಏರುಪೇರಾಗಿರುತ್ತದೆ, ಅದರಾಚೆ ಸಮನಾಗುತ್ತದೆ. 60 ಸೆಂ.ಮೀ. ಅಗಲಕ್ಕೆ ಅದು ಸಹ್ಯ. 20 ಸೆಂ.ಮೀ.ನ ಪುಟ್ಟ ಕ್ಯಾನ್ವಾಸಿಗೆ ಅದೇ ಅಂತರ ಇಟ್ಟರೆ ಅರ್ಧ ಅಗಲವೇ ಏರುಪೇರಿಗೆ ಹೋಯಿತು. ಅಲ್ಲಿ ಎರಡು ಮೂರು ಸೆಂ.ಮೀ.ಗೆ ಒಂದು ಬೇಕು.

ಈಗ ಬೆಣೆಗೆ ಬರೋಣ. ನಮ್ಮ ಚೌಕಟ್ಟಿನ ನಾಲ್ಕೂ ಮೂಲೆಗಳನ್ನು ಕೇವಲ 1 ಮಿ.ಮೀ.ನಷ್ಟು ತೆರೆದೆವು ಎನ್ನಿ. 60 ಸೆಂ.ಮೀ. ಅಗಲ ಎರಡು ತುದಿಗಳಿಂದ ಸೇರಿ 2 ಮಿ.ಮೀ. ಹಿಗ್ಗಿತು, ಅಂದರೆ ಶೇ 0.33. ಉದ್ದದಲ್ಲೂ 2 ಮಿ.ಮೀ., ಆದರೆ ಅದು 90 ಸೆಂ.ಮೀ.ಗೆ ಶೇ 0.22 ಮಾತ್ರ. ಒಂದೇ ಅಳತೆಯ ಹೊಡೆತ ಎರಡು ದಿಕ್ಕಿಗೆ ಎರಡು ಬಗೆಯ ಬಿಗಿ ಕೊಟ್ಟಿತು. ಇದು ಚಿಕ್ಕ ದೋಷ, ದೊಡ್ಡದು ಅಂಚಿನಲ್ಲಿದೆ. ಮೇಲಿನ ಪಟ್ಟಿಗೆ ಬಟ್ಟೆಯನ್ನು ಸಾಲಾಗಿ ಸ್ಟೇಪಲ್ ಹೊಡೆದು ಬಂಧಿಸಿದ್ದೇವೆ. ಬೆಣೆ ಬಡಿದಾಗ ಆ ಪಟ್ಟಿ ಉದ್ದವಾಗುವುದಿಲ್ಲ, ಅದರ ಪಕ್ಕದ ಪಟ್ಟಿ ದೂರ ಸರಿಯುತ್ತದೆ ಅಷ್ಟೆ. ಹಾಗಾಗಿ ಮೇಲಂಚಿನ ಬಟ್ಟೆ ತನ್ನ ಉದ್ದಕ್ಕೂ ಹಂಚಿಕೊಂಡು ಹಿಗ್ಗಲು ಸಾಧ್ಯವಿಲ್ಲ; ಸರಿದ ಆ 1 ಮಿ.ಮೀ. ಪೂರ್ತಿಯನ್ನು ಕೊನೆಯ ಸ್ಟೇಪಲಿನಿಂದ ಮೂಲೆಯವರೆಗಿನ ತುಂಡೇ ಹೊರಬೇಕು. ಆ ತುಂಡು 5 ಸೆಂ.ಮೀ. ಇದ್ದರೆ ಅಲ್ಲಿನ ಹಿಗ್ಗು ಶೇ 2. ನಡುಭಾಗಕ್ಕೆ ಹೋಲಿಸಿದರೆ ಆರು ಪಟ್ಟು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಚಿತ್ರಗಳ ಯಾಂತ್ರಿಕ ಗುಣಗಳನ್ನು ದಶಕಗಳ ಕಾಲ ಅಳೆದ ಮರಿಯನ್ ಮೆಕ್ಲೆನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಬಣ್ಣ, ಅಂಟು, ಮರಗಳು ಶಾಶ್ವತ ಬದಲಾವಣೆ ಇಲ್ಲದೆ ಸಹಿಸಬಲ್ಲ ಹಿಗ್ಗಿಗೆ ಸುಮಾರು ಶೇ 0.4ರ ಮಿತಿಯನ್ನು ಸೂಚಿಸಿದ್ದರು. ನಡುಭಾಗ ಆ ಗೆರೆಯೊಳಗೆ ಹಾಯಾಗಿರುವಾಗಲೇ ಮೂಲೆ ಅದನ್ನು ಐದು ಪಟ್ಟು ದಾಟಿರುತ್ತದೆ. ಇದು ಸರಳ ಲೆಕ್ಕ. ನಿಜವಾದ ಬಟ್ಟೆ ಈ ಹಿಗ್ಗನ್ನು ಸುತ್ತಲಿಗೂ ಸ್ವಲ್ಪ ಹಂಚುತ್ತದೆ. ಆದರೂ ಮೂಲೆಗೆ ಬೀಳುವ ಪಾಲು ಅತಿ ಹೆಚ್ಚು ಎಂಬ ಮಾತು ಬದಲಾಗದು.

ಹಾಗಿದ್ದರೆ ಬೆಣೆ ಏಕೆ ಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಣ್ಣ ಹಚ್ಚದ ಬಟ್ಟೆ ಶೇ 2ನ್ನು ಸಲೀಸಾಗಿ ತಾಳುತ್ತದೆ, ಬಿರಿಯಲು ಅದರ ಮೇಲೆ ಏನೂ ಇಲ್ಲ. ಎಳೆದ ಬಟ್ಟೆ ಮೊದಲ ಕೆಲವು ದಿನ ತಾನಾಗಿ ಸ್ವಲ್ಪ ಸಡಿಲಗೊಳ್ಳುತ್ತದೆ, ನೂಲಿನ ನಾರುಗಳು ನಿಧಾನವಾಗಿ ಜಾರಿ ಎಳೆತವನ್ನು ಬಿಟ್ಟುಕೊಡುತ್ತವೆ. ಅದನ್ನು ತುಂಬಲು ಬಣ್ಣ ಹಚ್ಚುವ ಮುನ್ನ ಬೆಣೆಯನ್ನು ಒಂದಿಷ್ಟು ಬಳಸುವುದು ಸರಿಯೇ. ಬೆಣೆಯಿಲ್ಲದ ಚೌಕಟ್ಟಿನಲ್ಲಾದರೆ ಸ್ಟೇಪಲ್ ಕಿತ್ತು ಮತ್ತೆ ಕಟ್ಟಬೇಕಾಗುತ್ತಿತ್ತು. ಇಕ್ಕಳ ಹಿಡಿದು ಮೊದಲೇ ಹೆಚ್ಚು ಎಳೆದರೆ ಈ ಸಡಿಲವೇ ಬಾರದು ಎನ್ನುವವರಿಗೂ ಉತ್ತರ ಇದೇ ಗುಣದಲ್ಲಿದೆ: ಹೆಚ್ಚು ಎಳೆದದ್ದು ಹೆಚ್ಚು ಸಡಿಲಗೊಳ್ಳುತ್ತದೆ, ನಡುವೆ ಚೌಕಟ್ಟು ಬಾಗುವ ಅಪಾಯ ಬೇರೆ. ಬೆರಳಿನಿಂದ ಬಡಿದಾಗ ತಮಟೆಯಂತೆ ಸದ್ದು ಬರಬೇಕು ಎಂಬ ಪರೀಕ್ಷೆಯನ್ನೂ ಅತಿಯಾಗಿ ನಂಬುವಂತಿಲ್ಲ. ಸದ್ದಿನ ಶ್ರುತಿ ಎಳೆತದ ಜೊತೆಗೆ ಗಾತ್ರ, ತೂಕಗಳನ್ನೂ ಅವಲಂಬಿಸಿದೆ. ಒಂದೇ ಬಿಗಿಯಲ್ಲೂ ದೊಡ್ಡ ಕ್ಯಾನ್ವಾಸ್, ಅಸ್ತರು ಹಚ್ಚಿ ಭಾರವಾದ ಕ್ಯಾನ್ವಾಸ್ ಕೆಳಗಿನ ಶ್ರುತಿ ಕೊಡುತ್ತವೆ. ಅದೇ ಸದ್ದಿಗಾಗಿ ದೊಡ್ಡದನ್ನು ಎಳೆಯುತ್ತ ಹೋದರೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಎಳೆದಿರುತ್ತೀರಿ. ಸದ್ದಿಗಿಂತ ಕಣ್ಣು ನಂಬಿಕಸ್ಥ: ಬೆಳಕಿಗೆ ಓರೆಯಾಗಿ ಹಿಡಿದು, ಎಳೆಗಳು ಅಂಚಿನುದ್ದಕ್ಕೂ ನೇರವಾಗಿ ಓಡುತ್ತಿವೆಯೇ ನೋಡಬೇಕು. ಬೆರಳಿನಿಂದ ಹಗುರವಾಗಿ ಒತ್ತಿ, ಎಲ್ಲ ಕಡೆ ಒಂದೇ ಬಗೆಯಲ್ಲಿ ಮರಳುತ್ತಿದೆಯೇ ಪರೀಕ್ಷಿಸಬೇಕು.

ಬಣ್ಣ ಹಚ್ಚಿ ಒಣಗಿದ ಚಿತ್ರ ಮಳೆಗಾಲದಲ್ಲಿ ಜೋತಾಗ ನಿಜವಾದ ಪರೀಕ್ಷೆ ಎದುರಾಗುತ್ತದೆ. ಪ್ರಾಣಿಜನ್ಯ ಅಂಟು ಬಳಿದ ಸಾಂಪ್ರದಾಯಿಕ ಕ್ಯಾನ್ವಾಸಿನಲ್ಲಿ, ಒಣ ಹವೆಯಲ್ಲಿ ಎಳೆತದ ಬಹುಪಾಲನ್ನು ಬಟ್ಟೆಗಿಂತ ಅಂಟಿನ ಪದರವೇ ಹೊರುತ್ತದೆ ಎಂಬುದನ್ನು ಮೆಕ್ಲೆನ್‌ಬರ್ಗ್ 1982ರ ತಮ್ಮ ವರದಿಯಲ್ಲಿ ತೋರಿಸಿದರು. ಗಾಳಿಯಲ್ಲಿ ತೇವ ಏರಿದಂತೆ ಅಂಟು ಮೆತ್ತಗಾಗಿ ಎಳೆತ ಬಿಟ್ಟುಕೊಡುತ್ತದೆ. ಇನ್ನೂ ಏರಿ ಶೇ 80 ದಾಟಿದರೆ ನೂಲು ನೀರುಂಡು ದಪ್ಪವಾಗಿ, ಬಟ್ಟೆಯೇ ಕುಗ್ಗತೊಡಗಬಹುದು. ಉಡುಪಿ, ಮಂಗಳೂರಿನ ಆಷಾಢದಲ್ಲಿ ತೇವ ಅಂಥ ಮಟ್ಟದಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಈ ಜೋಲನ್ನು ಕಂಡು ಬೆಣೆ ಬಡಿದರೆ ಆ ಕ್ಷಣಕ್ಕೆ ಚಿತ್ರ ನೆಟ್ಟಗಾಗುತ್ತದೆ. ಮಳೆ ಹಿಂದೆಗೆದು ಹವೆ ಒಣಗಿದಾಗ ಅಂಟು ಕುಗ್ಗಿ ಹಳೆಯ ಎಳೆತವನ್ನು ಮರಳಿ ತರುತ್ತದೆ, ಬೆಣೆ ಕೊಟ್ಟದ್ದು ಅದರ ಮೇಲೆ ಸೇರುತ್ತದೆ. ಬಿರುಕು ಕಾಣುವುದು ಆಗ. ಬಡಿದದ್ದು ಎರಡು ಮೂರು ತಿಂಗಳ ಹಿಂದೆ ಆದ್ದರಿಂದ ಎರಡನ್ನೂ ಯಾರೂ ಜೋಡಿಸಿ ನೋಡುವುದಿಲ್ಲ. ಅಕ್ರಿಲಿಕ್ ಅಸ್ತರು ತೇವಕ್ಕೆ ಇಷ್ಟು ಸ್ಪಂದಿಸುವುದಿಲ್ಲ, ಅದು ಸೆಕೆಗೆ ಮೆತ್ತಗಾಗಿ ಚಳಿಗೆ ಬಿರುಸಾಗುತ್ತದೆ. ಅಲ್ಲೂ ಹವೆ ಬದಲಾಗುವವರೆಗೆ ಕಾಯುವುದೇ ಲೇಸು. ಒಣ ಹವೆ ಬಂದ ಮೇಲೂ ಜೋಲು ಹಾಗೆಯೇ ಉಳಿದಿದ್ದರೆ ಮಾತ್ರ ಬೆಣೆ ಮುಟ್ಟಬೇಕು. ಒಂದೇ ಮೂಲೆಗೆ ಬಡಿಯದೆ, ನಾಲ್ಕೂ ಮೂಲೆಗಳ ಎಂಟೂ ಬೆಣೆಗಳಿಗೆ ಸರದಿಯಲ್ಲಿ ಒಂದೊಂದು ಸಣ್ಣ ತಟ್ಟು. ಸುತ್ತಿಗೆ ಜಾರಿದರೂ ಬಟ್ಟೆಗೆ ತಾಗದಂತೆ ಬೆಣೆಗೂ ಬಟ್ಟೆಗೂ ನಡುವೆ ಗಟ್ಟಿ ರಟ್ಟು ಇಟ್ಟುಕೊಳ್ಳಬೇಕು. ಸುಕ್ಕು ಬಿಡುವ ಮೊದಲ ಲಕ್ಷಣ ಕಂಡಲ್ಲೇ ನಿಲ್ಲಿಸಬೇಕು. ಆಮೇಲೆ ಬೆಣೆಗಳು ಕಳಚಿ ಬೀಳದಂತೆ ದಾರದಿಂದ ಚೌಕಟ್ಟಿಗೆ ಕಟ್ಟಬೇಕು, ಏಕೆಂದರೆ ಕಳಚಿದ ಬೆಣೆ ಕೆಳಪಟ್ಟಿಗೂ ಬಟ್ಟೆಗೂ ನಡುವೆ ಸಿಕ್ಕಿಕೊಂಡರೆ ಚಿತ್ರದ ಮುಂಭಾಗದಲ್ಲಿ ಅಲ್ಲಿಯೇ ಗಂಟಿನಂಥ ಉಬ್ಬು ಮೂಡಿ, ಅದರ ಸುತ್ತ ಬಣ್ಣ ಒಡೆಯುತ್ತದೆ.