ಪಟ್ಟಿ ತಲುಪಿದೆಯೋ, ತಲುಪಿವೆಯೋ?

ಸಹಕಾರ ಸಂಘವೊಂದರ ಜಿಲ್ಲಾ ಕಚೇರಿಯಿಂದ ಕೇಂದ್ರ ಕಚೇರಿಗೆ ಒಂದು ಇಮೇಲ್ ಹೋಗುತ್ತದೆ ಎಂದುಕೊಳ್ಳಿ. ಅದರ ಮೊದಲ ವಾಕ್ಯ ಹೀಗಿದೆ:

“ಬಾಕಿ ಬಿಲ್‌ಗಳ ಪಟ್ಟಿಯು, ಶಾಖಾ ವ್ಯವಸ್ಥಾಪಕರು ಸಹಿ ಮಾಡಿ ಕಳುಹಿಸಿದ ಪ್ರಮಾಣಪತ್ರಗಳು ಹಾಗೂ ಕಳೆದ ಮೂರು ತಿಂಗಳ ವೋಚರ್‌ಗಳ ಸಮೇತ, ನಿನ್ನೆ ಸಂಜೆ ಲೆಕ್ಕಪತ್ರ ವಿಭಾಗಕ್ಕೆ ತಲುಪಿವೆ.”

ಒಂದೇ ಓಟದಲ್ಲಿ ಓದಿದರೆ ಎಲ್ಲೂ ಎಡವುವುದಿಲ್ಲ. ಬರೆದವರಿಗೂ ಎಡವಿದಂತೆ ಅನಿಸಿರಲಾರದು. ಆದರೆ ನಡುವಿನದನ್ನೆಲ್ಲ ಬೆರಳಿಂದ ಮುಚ್ಚಿ ಎರಡು ತುದಿ ಮಾತ್ರ ಓದಿ: “ಪಟ್ಟಿಯು ತಲುಪಿವೆ.” ಪಟ್ಟಿ ಒಂದೇ, ಆದ್ದರಿಂದ ಅದು ತಲುಪಿದೆ. ‘ಪಟ್ಟಿ’ಯಿಂದ ಹೊರಟ ಬರಹಗಾರ ಪ್ರಮಾಣಪತ್ರಗಳು, ವೋಚರ್‌ಗಳು ಎಂದು ಬಹುವಚನಗಳನ್ನು ದಾಟಿಕೊಂಡು ಬರುವಷ್ಟರಲ್ಲಿ ಪಟ್ಟಿಯನ್ನು ಮರೆತು, ದಾರಿಯಲ್ಲಿ ಸಿಕ್ಕವುಗಳಿಗೆ ಕ್ರಿಯಾಪದ ಹೊಂದಿಸಿದ್ದಾನೆ.

ಇದು ಕನ್ನಡದವರಿಗೆ ಮಾತ್ರ ಅಂಟಿದ ರೋಗವಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ಅರ್ಧ ವಾಕ್ಯ ಕೇಳಿಸಿ ಉಳಿದದ್ದನ್ನು ಅವರೇ ಮುಗಿಸುವಂತೆ ಹೇಳಿದ್ದರು. ‘ಬೀರುಗಳ ಕೀಲಿ’ ಎಂಬಂಥ ಪದಪುಂಜ ಕೊಟ್ಟಾಗ, ಅಂದರೆ ಕರ್ತೃ ಏಕವಚನದಲ್ಲಿದ್ದು ಪಕ್ಕದ ಪದ ಬಹುವಚನದಲ್ಲಿದ್ದಾಗ, ಜನ ಹೆಚ್ಚು ತಪ್ಪಿದರು. ತಿರುವು ಮುರುವಾಗಿ ‘ಬೀರುವಿನ ಕೀಲಿಗಳು’ ಎಂಬಂಥದ್ದನ್ನು ಕೊಟ್ಟರೆ ಅಷ್ಟಾಗಿ ತಪ್ಪಲಿಲ್ಲ. ಏಕವಚನವನ್ನು ಬಹುವಚನ ತನ್ನತ್ತ ಎಳೆದುಕೊಳ್ಳುವಷ್ಟು ಸುಲಭವಾಗಿ ಬಹುವಚನವನ್ನು ಏಕವಚನ ಎಳೆಯಲಾರದು. ತಿದ್ದುವವರಿಗೆ ಇದರಿಂದ ಒಂದು ಸುಳಿವು ಸಿಗುತ್ತದೆ: ಏಕವಚನದ ಕರ್ತೃವಿದ್ದು ನಡುವೆ ‘ಗಳು’ ತುಂಬಿರುವ ವಾಕ್ಯವನ್ನು ಮೊದಲು ಅನುಮಾನಿಸಬೇಕು.

ಇಂಗ್ಲಿಷಿನಲ್ಲಿ ಕೀಲಿ ಮುಂಚೆ ಬಂದು ಬೀರುಗಳು ಆಮೇಲೆ ಬರುತ್ತವೆ. ಹಾಗಾಗಿ ಬಹುವಚನ ಕ್ರಿಯಾಪದದ ಮಗ್ಗುಲಲ್ಲೇ ಕೂತಿರುತ್ತದೆ. ಆಫೀಸಿನ ಇಮೇಲ್‌ಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಕನ್ನಡಿಗರು ಬೀಳುವುದು ಈ ಗುಂಡಿಗೇ. ಕನ್ನಡದಲ್ಲಿ ‘ಬಿಲ್‌ಗಳ ಪಟ್ಟಿ’ ಎನ್ನುವಾಗ ಬಿಲ್‌ಗಳು ಹಿಂದೆ ಉಳಿದು ಪಟ್ಟಿ ಮುಂದೆ ಬರುವುದರಿಂದ ಆ ಗುಂಡಿ ನಮಗೆ ಅಷ್ಟಾಗಿ ಕಾಡದು. ನಮ್ಮ ತೊಂದರೆ ಇರುವುದು ಬೇರೆ ಕಡೆ. ಕನ್ನಡದ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ. ಯಾವಾಗ, ಎಲ್ಲಿ, ಯಾರಿಗೆ, ಯಾವುದರ ಜೊತೆ, ಯಾಕೆ ಎಂಬ ವಿವರಗಳೆಲ್ಲ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆಯೇ ಸೇರಿಕೊಳ್ಳುತ್ತವೆ. ಕಚೇರಿಯ ಪತ್ರದಲ್ಲಂತೂ ಇಂಥ ವಿವರಗಳಿಗೆ ಬರವಿಲ್ಲ.

ಮೊದಲ ವಾಕ್ಯಕ್ಕೆ ಮರಳೋಣ. ಅಲ್ಲಿನ ‘ಸಮೇತ’ ಎಂಬ ಪದವನ್ನು ಗಮನಿಸಿ. ಸಮೇತ, ಸಹಿತ, ಜೊತೆಗೆ, ‘ಒಂದಿಗೆ’ ಇವು ಏನನ್ನೇ ತಂದು ಸೇರಿಸಿದರೂ ಕರ್ತೃವಿನ ವಚನ ಬದಲಾಗುವುದಿಲ್ಲ. ವೋಚರ್‌ಗಳು ಇಲ್ಲಿ ಪಟ್ಟಿಯ ಹಿಂದೆ ಬಂದವು ಅಷ್ಟೆ. ಪ್ರಮಾಣಪತ್ರಗಳೂ ವೋಚರ್‌ಗಳೂ ಪಟ್ಟಿಯಷ್ಟೇ ಮುಖ್ಯ, ಮೂರೂ ಬಂದಿವೆ ಎಂದು ಹೇಳಬೇಕಿದ್ದರೆ ಕಟ್ಟುವ ರೀತಿಯೇ ಬೇರೆ: “ಬಾಕಿ ಬಿಲ್‌ಗಳ ಪಟ್ಟಿ, ಶಾಖಾ ವ್ಯವಸ್ಥಾಪಕರ ಪ್ರಮಾಣಪತ್ರಗಳು ಮತ್ತು ವೋಚರ್‌ಗಳು ನಿನ್ನೆ ಸಂಜೆ ಲೆಕ್ಕಪತ್ರ ವಿಭಾಗಕ್ಕೆ ತಲುಪಿವೆ.” ಈಗ ‘ತಲುಪಿವೆ’ ಸರಿ, ಯಾಕೆಂದರೆ ‘ಮತ್ತು’ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಆದ್ದರಿಂದ ತಿದ್ದುವ ಮುನ್ನ, ಬರೆದವರು ಯಾವುದನ್ನು ಹೇಳಹೊರಟಿದ್ದರು ಎಂದು ಕೇಳಿಕೊಳ್ಳಬೇಕು. ಬರೀ ‘ವೆ’ ಅಳಿಸಿ ‘ದೆ’ ಹಾಕಿದರೆ ವ್ಯಾಕರಣ ಸರಿಹೋಗಬಹುದು, ವಿಷಯ ಸರಿಹೋಗದೆ ಇರಬಹುದು.

ವಚನದ ತಪ್ಪಿಗಿಂತ ಹೆಚ್ಚು ಹಾನಿ ಮಾಡುವ ಇನ್ನೊಂದು ತಪ್ಪಿದೆ. ಅದೇ ಇಮೇಲ್‌ನ ಎರಡನೆಯ ವಾಕ್ಯ ನೋಡಿ:

“ಲೆಕ್ಕ ಪರಿಶೋಧಕರು ಮಾರ್ಚ್ ತಿಂಗಳ ದಾಸ್ತಾನು ವಹಿಯನ್ನು ಗೋದಾಮಿನಲ್ಲಿರುವ ಸರಕಿನೊಂದಿಗೆ ತಾಳೆ ನೋಡಿ, ಕಂಡುಬಂದ ವ್ಯತ್ಯಾಸಗಳಿಗೆ ಗೋದಾಮಿನ ಉಸ್ತುವಾರಿ ನೌಕರರಿಂದ ವಿವರಣೆ ಪಡೆದು, ವರದಿಯನ್ನು ಸಲ್ಲಿಸಲಾಗಿದೆ.”

ಮತ್ತೆ ನಡುವನ್ನು ಮುಚ್ಚಿ: “ಲೆಕ್ಕ ಪರಿಶೋಧಕರು ವರದಿಯನ್ನು ಸಲ್ಲಿಸಲಾಗಿದೆ.” ವಾಕ್ಯ ಕುಸಿದುಬಿತ್ತು. ತಾಳೆ ನೋಡಿ, ವಿವರಣೆ ಪಡೆದು ಎಂಬ ರೂಪಗಳಿಗೆ ಲಿಂಗ, ವಚನ, ಪುರುಷ ಯಾವುದೂ ಇಲ್ಲ. ಯಾರು ಮಾಡಿದರೂ ‘ನೋಡಿ’ ನೋಡಿಯೇ. ಅವು ಎಷ್ಟು ದೂರ ಬೇಕಾದರೂ ಸಾಗಬಲ್ಲವು. ಆದರೆ ಆ ಕೆಲಸಗಳನ್ನೆಲ್ಲ ಮಾಡಿದವರು ಯಾರೋ, ಸಾಮಾನ್ಯವಾಗಿ ಕೊನೆಯ ಕ್ರಿಯಾಪದವೂ ಅವರದೇ ಆಗಿರಬೇಕು. ಇಲ್ಲಿ ಕೊನೆಗೆ ಬಂದ ‘ಸಲ್ಲಿಸಲಾಗಿದೆ’ ಯಾರನ್ನೂ ಕರ್ತೃವೆಂದು ಒಪ್ಪಿಕೊಳ್ಳುವುದಿಲ್ಲ. ವಾಕ್ಯದ ಆರಂಭದಲ್ಲಿ ನಿಂತ ಲೆಕ್ಕ ಪರಿಶೋಧಕರು ಅನಾಥರಾಗುತ್ತಾರೆ.

ಇದನ್ನು ಎರಡು ಬಗೆಯಲ್ಲಿ ತಿದ್ದಬಹುದು. ಕೊನೆಯನ್ನು ‘ವರದಿ ಸಲ್ಲಿಸಿದ್ದಾರೆ’ ಎಂದು ಬದಲಿಸುವುದು ಒಂದು. ‘ಲೆಕ್ಕ ಪರಿಶೋಧಕರು’ ಎಂಬುದನ್ನೇ ತೆಗೆದು, “ಮಾರ್ಚ್ ತಿಂಗಳ ದಾಸ್ತಾನು ವಹಿಯನ್ನು…” ಎಂದು ಶುರುಮಾಡಿ ‘ಸಲ್ಲಿಸಲಾಗಿದೆ’ ಉಳಿಸಿಕೊಳ್ಳುವುದು ಇನ್ನೊಂದು. ನನ್ನ ಮತ ಮೊದಲನೆಯದಕ್ಕೆ. ಕಚೇರಿಯ ಕನ್ನಡಕ್ಕೆ ‘ಲಾಗಿದೆ’ ಅಭ್ಯಾಸವಾಗಿಬಿಟ್ಟಿದೆ. ಯಾರು ಮಾಡಿದರು ಎಂದು ಹೇಳದೆಯೇ ಕೆಲಸ ಆಗಿದೆ ಎಂದು ಹೇಳುವುದು ಕೆಲವರಿಗೆ ಅನುಕೂಲವೂ ಹೌದು. ಆದರೆ ಆರು ತಿಂಗಳ ಮೇಲೆ ದಾಸ್ತಾನಿನ ವ್ಯತ್ಯಾಸದ ಬಗ್ಗೆ ತಕರಾರು ಬಂದಾಗ ವರದಿ ಕೊಟ್ಟವರು ಯಾರೆಂದು ಹುಡುಕಬೇಕಾದವರಿಗೆ ‘ಸಲ್ಲಿಸಿದ್ದಾರೆ’ ಎಂಬ ವಾಕ್ಯ ಉತ್ತರ ಕೊಡುತ್ತದೆ, ‘ಸಲ್ಲಿಸಲಾಗಿದೆ’ ಕೊಡುವುದಿಲ್ಲ.

ಈ ‘ಲಾಗಿದೆ’ಯ ಬೆನ್ನಿಗೇ ಇನ್ನೊಂದು ತಪ್ಪು ಬರುತ್ತದೆ. ವಿಚಿತ್ರವೆಂದರೆ ಇದನ್ನು ಮಾಡುವವರು ಹೆಚ್ಚಾಗಿ ವ್ಯಾಕರಣದ ಬಗ್ಗೆ ಕಾಳಜಿ ಇರುವವರು. “ಟೆಂಡರ್‌ಗೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನು ಕಾನೂನು ವಿಭಾಗದ ಅಭಿಪ್ರಾಯದೊಂದಿಗೆ ಮತ್ತೊಮ್ಮೆ ಪರಿಶೀಲಿಸಲಾಗಿವೆ” ಎಂದು ಬರೆಯುತ್ತಾರೆ. ದಾಖಲೆಗಳು ಬಹುವಚನವಾದ್ದರಿಂದ ‘ಲಾಗಿವೆ’ ಎಂದರೇನೇ ಸರಿ ಎಂಬ ಲೆಕ್ಕಾಚಾರ. ಆದರೆ ‘ದಾಖಲೆಗಳನ್ನು’ ಎಂಬಲ್ಲಿ ‘ಅನ್ನು’ ಇದೆ. ಅದು ಕರ್ಮದ ಗುರುತು. ಕರ್ತೃವಲ್ಲದ್ದಕ್ಕೆ ಕ್ರಿಯಾಪದ ಯಾಕೆ ಬಾಗಬೇಕು? ‘ಅನ್ನು’ ಜೊತೆ ಬರುವಾಗ ದಾಖಲೆ ಒಂದಿದ್ದರೂ ನೂರಿದ್ದರೂ ‘ಪರಿಶೀಲಿಸಲಾಗಿದೆ’ಯೇ. ದಾಖಲೆಗಳನ್ನೇ ಕರ್ತೃವಿನ ಜಾಗದಲ್ಲಿ ಕೂರಿಸಬೇಕೆಂದಿದ್ದರೆ “ದಾಖಲೆಗಳ ಪರಿಶೀಲನೆ ಮುಗಿದಿದೆ” ಎಂದೋ “ದಾಖಲೆಗಳು ಪರಿಶೀಲನೆಗೆ ಒಳಗಾಗಿವೆ” ಎಂದೋ ಬರೆಯಬಹುದು. ಮೊದಲನೆಯದರಲ್ಲಿ ಮುಗಿದದ್ದು ಪರಿಶೀಲನೆ, ಹಾಗಾಗಿ ‘ಇದೆ’. ಎರಡನೆಯದರಲ್ಲಿ ಒಳಗಾದದ್ದು ದಾಖಲೆಗಳು, ಹಾಗಾಗಿ ‘ಇವೆ’.

ಈ ತಪ್ಪನ್ನು ಹಿಡಿಯುವುದು ಸುಲಭ. ಇಮೇಲ್ ಬರೆದು ಮುಗಿಸಿದ ಮೇಲೆ `Ctrl + F` ಒತ್ತಿ ‘ಲಾಗಿವೆ’ ಎಂದು ಹುಡುಕಿ. ಸಿಕ್ಕ ಪ್ರತಿಯೊಂದರಿಂದಲೂ ಹಿಂದಕ್ಕೆ ಓದುತ್ತ ಹೋಗಿ, ‘ಗಳನ್ನು’ ಎದುರಾದರೆ ಅಲ್ಲೇ ತಿದ್ದಿ. ಬರೀ ಕಾಗುಣಿತ ನೋಡುವ ತಂತ್ರಾಂಶ ಇದನ್ನು ತೋರಿಸಿಕೊಡುವುದಿಲ್ಲ. ‘ಲಾಗಿದೆ’, ‘ಲಾಗಿವೆ’, ‘ತಲುಪಿದೆ’, ‘ತಲುಪಿವೆ’ ಎಲ್ಲದರ ಕಾಗುಣಿತವೂ ಸರಿಯಾಗಿಯೇ ಇರುತ್ತದೆ.

ಉಳಿದ ತಪ್ಪುಗಳಿಗೆ ಹುಡುಕಲು ಇಂಥ ಒಂದು ಪದ ಸಿಗುವುದಿಲ್ಲ, ಕೊನೆಯಿಂದ ಹಿಂದಕ್ಕೆ ಪ್ರಶ್ನೆ ಹಾಕುತ್ತ ಹೋಗಬೇಕು. ವಾಕ್ಯದ ಕೊನೆಯ ಕ್ರಿಯಾಪದ ಹಿಡಿದು ‘ತಲುಪಿದ್ದು ಯಾವುದು?’, ‘ಸಲ್ಲಿಸಿದವರು ಯಾರು?’ ಎಂದು ಕೇಳಿ. ಉತ್ತರವಾಗಿ ಬರುವ ಪದ ವಾಕ್ಯದಲ್ಲಿ ಇದೆಯೇ, ಇದ್ದರೆ ಕ್ರಿಯಾಪದದ ಜೊತೆ ಹೊಂದುತ್ತದೆಯೇ ಎಂದು ನೋಡಿ. ಮುಂದಿನಿಂದ ಓದಿದರೆ ಬರೆಯುವಾಗ ಯಾಮಾರಿಸಿದ ಬಹುವಚನಗಳೇ ಓದುವಾಗಲೂ ಯಾಮಾರಿಸುತ್ತವೆ. ಹಿಂದಿನಿಂದ ಹೋದರೆ ಅವುಗಳ ಆಟ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಉತ್ತರ ಸಿಗದ ವಾಕ್ಯಗಳಿವೆ. ಅವು ‘ದ್ದು’ ಹಚ್ಚಿ ಹೆಣೆದವು: “ಅರ್ಜಿಗಳು ಬಂದಿದ್ದು, ಸಮಿತಿಯು ಎರಡು ಸಭೆ ನಡೆಸಿದ್ದು, ಕೆಲವು ಸದಸ್ಯರು ಆಕ್ಷೇಪ ಎತ್ತಿದ್ದು, ಅಂತಿಮವಾಗಿ ಅನುಮೋದನೆ ನೀಡಿದ್ದಾರೆ.” ಅನುಮೋದನೆ ಕೊಟ್ಟವರು ಯಾರು? ಸಮಿತಿಯಾದರೆ ‘ನೀಡಿದೆ’ ಎಂದಾಗಬೇಕಿತ್ತು. ಇರುವಂತೆ ಓದಿದರೆ ಆಕ್ಷೇಪ ಎತ್ತಿದ ಸದಸ್ಯರೇ ಅನುಮೋದನೆ ಕೊಟ್ಟಂತಾಗುತ್ತದೆ. ಬಂದಿದ್ದು, ನಡೆಸಿದ್ದು, ಎತ್ತಿದ್ದು ಇವು ಯಾವುದೂ ತನ್ನ ಕರ್ತೃವಿನ ವಚನ ತೋರಿಸುವುದಿಲ್ಲ. ಹಾಗಾಗಿ ಮೂರು ಕರ್ತೃಗಳು ಬಂದುಹೋದರೂ ಕೊನೆಯವರೆಗೆ ಎಲ್ಲೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಇಂಥದ್ದನ್ನು ಪದ ಬದಲಿಸಿ ತಿದ್ದಲು ಹೋಗಬೇಡಿ, ಕತ್ತರಿಸಿ. ಪ್ರತಿ ‘ದ್ದು’ ಇದ್ದಲ್ಲಿ ಪೂರ್ಣವಿರಾಮ ಹಾಕಿದರೆ ಸಾಕು: “ಅರ್ಜಿಗಳು ಬಂದಿವೆ. ಸಮಿತಿಯು ಎರಡು ಸಭೆ ನಡೆಸಿದೆ. ಕೆಲವು ಸದಸ್ಯರು ಆಕ್ಷೇಪ ಎತ್ತಿದ್ದರೂ ಅಂತಿಮವಾಗಿ ಸಮಿತಿ ಅನುಮೋದನೆ ನೀಡಿದೆ.” ವಾಕ್ಯ ಮುಗಿಯಬೇಕಾದ ಕಡೆಯಲ್ಲೆಲ್ಲ ಕ್ರಿಯಾಪದ ತನ್ನ ಕರ್ತೃವಿಗೆ ತಾನೇ ಹೊಂದಿಕೊಂಡಿತು. ಕೊನೆಯಲ್ಲಿ ‘ಸಮಿತಿ’ ಎಂದು ಇನ್ನೊಮ್ಮೆ ಬರೆಯಬೇಕಾಯಿತು, ಅದರಿಂದ ನಷ್ಟವೇನಿಲ್ಲ.

ಆದರೆ ಎಲ್ಲ ಕಡೆ ಕೆಂಪು ಶಾಯಿ ಹಿಡಿದು ಕೂರಬೇಕಾಗಿಲ್ಲ. ಮಾತಿನಲ್ಲಿ ನಾವು “ಹತ್ತು ಬಿಲ್ ಬಾಕಿ ಇದೆ” ಎನ್ನುತ್ತೇವೆ, “ನಾಲ್ಕು ಫೈಲು ಬಂದಿದೆ” ಎನ್ನುತ್ತೇವೆ. ಸಂಖ್ಯೆ ಮುಂದಿರುವಾಗ ವಸ್ತುವಾಚಕ ಪದ ‘ಗಳು’ ಇಲ್ಲದೆಯೇ ನಿಲ್ಲುವುದು, ಕ್ರಿಯಾಪದ ಏಕವಚನದಲ್ಲೇ ಉಳಿಯುವುದು ಆಡುಗನ್ನಡದ ಸಹಜ ನಡೆ. ಪಕ್ಕದ ಟೇಬಲ್ಲಿನವರಿಗೆ ಹಾಕುವ ಎರಡು ಸಾಲಿನ ಇಮೇಲ್‌ನಲ್ಲಿ ಅದನ್ನು ತಿದ್ದಿದರೆ ಭಾಷೆ ಬಿಗಿದುಕೊಂಡಂತೆ ಕಾಣುತ್ತದೆ. ಕಡತಕ್ಕೆ ಸೇರುವ ಪತ್ರವಾದರೆ “ಹತ್ತು ಬಿಲ್‌ಗಳು ಬಾಕಿ ಇವೆ” ಎಂದು ಬರೆಯುವುದು ವಾಡಿಕೆ. ‘ಸಿಬ್ಬಂದಿ’ಯದೂ ಹೀಗೇ: “ಸಿಬ್ಬಂದಿ ಬಂದಿದ್ದಾರೆ”, “ಸಿಬ್ಬಂದಿ ಬಂದಿದೆ” ಎರಡೂ ಬಳಕೆಯಲ್ಲಿವೆ. ಒಂದೇ ಇಮೇಲ್‌ನಲ್ಲಿ ಎರಡನ್ನೂ ಬೆರೆಸದಿದ್ದರೆ ಆಯಿತು.

“ನಮ್ಮ ತಂಡವು, ನೀವು ಕಳೆದ ವಾರ ಕಳುಹಿಸಿದ ತಿದ್ದುಪಡಿಗಳನ್ನು ಅಳವಡಿಸಿಕೊಂಡು, ಶುಕ್ರವಾರದೊಳಗೆ ಕೆಲಸ ಮುಗಿಸುತ್ತೇವೆ” ಎಂಬ ವಾಕ್ಯಕ್ಕೆ ಈ ರಿಯಾಯಿತಿ ಇಲ್ಲ. ತಂಡವು ಮುಗಿಸುತ್ತದೆ, ನಾವು ಮುಗಿಸುತ್ತೇವೆ. ‘ನಮ್ಮ’ ಎಂಬ ಪದ ಕಿವಿಯಲ್ಲಿ ಉಳಿದು ಕೊನೆಗೆ ‘ತ್ತೇವೆ’ ಎಳೆದು ತಂದಿದೆ. ಗ್ರಾಹಕರಿಗೆ ಹೋಗುವ ಪತ್ರವಾದರೆ “ನೀವು ಕಳೆದ ವಾರ ಕಳುಹಿಸಿದ ತಿದ್ದುಪಡಿಗಳನ್ನು ಅಳವಡಿಸಿಕೊಂಡು ಶುಕ್ರವಾರದೊಳಗೆ ಕೆಲಸ ಮುಗಿಸುತ್ತೇವೆ” ಎಂದಷ್ಟೇ ಬರೆದರೂ ನಡೆಯುತ್ತದೆ. ಕ್ರಿಯಾಪದವೇ ‘ನಾವು’ ಎಂದು ಹೇಳುವುದರಿಂದ ಕನ್ನಡದಲ್ಲಿ ಕರ್ತೃವನ್ನು ಪ್ರತಿ ಸಲ ಬರೆಯಲೇಬೇಕೆಂದಿಲ್ಲ.