ಮಂಡಿ ಯಾವಾಗ ನೋಯುತ್ತದೆ? ಟ್ರೈನರ್‌ಗೆ ಬರೆಯಬೇಕಾದ ಮೊದಲ ಸಂದೇಶ

‘ಸರ್, ತೂಕ ಇಳಿಸಬೇಕು. ಮಂಡಿ ಸ್ವಲ್ಪ ತೊಂದರೆ. ನಾಳೆಯಿಂದ ಶುರು ಮಾಡೋಣ್ವಾ?’ ಹೊಸ ಜಿಮ್ ಟ್ರೈನರ್‌ಗೆ ಅನೇಕರು ಕಳಿಸುವ ಸಂದೇಶ ಇಷ್ಟೇ. ಯಾವ ಮಂಡಿ, ಏನು ತೊಂದರೆ, ಏನು ಮಾಡಿದಾಗ ನೋವು ಎಂಬುದು ತಿಳಿಯದ ಟ್ರೈನರ್ ಎಲ್ಲರಿಗೂ ಕೊಡುವ ಚಾರ್ಟನ್ನೇ ಇವರಿಗೂ ಕೊಡುತ್ತಾರೆ. ಇಲ್ಲವೇ ಹೆದರಿ ಕಾಲಿನ ವ್ಯಾಯಾಮವನ್ನೇ ಬಿಡಿಸುತ್ತಾರೆ. ಹಳೆಯ ಪೆಟ್ಟು ಬಿದ್ದ ಕಾಲಿಗೆ ಈ ಎರಡನೆಯದು ಇನ್ನೂ ಕೆಟ್ಟದ್ದು.

ನಲವತ್ತು ದಾಟಿದ, ಬೆಂಗಳೂರಿನಲ್ಲಿ ಕಚೇರಿ ಕೆಲಸದಲ್ಲಿರುವ ಒಬ್ಬರು ಹೀಗೆ ಬರೆದರು ಎಂದಿಟ್ಟುಕೊಳ್ಳೋಣ:

‘ನಮಸ್ಕಾರ ಸರ್. ಡಿಸೆಂಬರ್‌ನಲ್ಲಿ ಕುಮಾರ ಪರ್ವತ ಹತ್ತಿ ಇಳಿಯಬೇಕು ಅಂತಿದೆ. ಇನ್ನು ಐದು ತಿಂಗಳಿದೆ. ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಬಲ ಮಂಡಿಯ ಎಸಿಎಲ್ ಹರಿದು 2005ರಲ್ಲಿ ಆಪರೇಷನ್ ಆಗಿದೆ. ಸಮತಟ್ಟು ನೆಲದಲ್ಲಿ ನಡೆದರೆ ನೋವಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವು, ಹತ್ತಕ್ಕೆ ಮೂರರಷ್ಟು. ಊತವಿಲ್ಲ, ಕಾಲು ಕೈಕೊಡುವುದಿಲ್ಲ. ಸೋಮ, ಬುಧ, ಶುಕ್ರ ಬೆಳಿಗ್ಗೆ 45 ನಿಮಿಷ ಸಿಗುತ್ತದೆ. ಭಾನುವಾರ ಎರಡು ಗಂಟೆ ಷಟಲ್ ಆಡುತ್ತೇನೆ. ಅಪಾರ್ಟ್‌ಮೆಂಟ್ ಜಿಮ್‌ನಲ್ಲಿ 10 ಕೆಜಿವರೆಗೆ ಡಂಬಲ್ ಜೋಡಿ, ಬೆಂಚು, ರಬ್ಬರ್ ಬ್ಯಾಂಡ್, ಟ್ರೆಡ್‌ಮಿಲ್ ಇವೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ, ಹೆಸರು ಕಳಿಸುತ್ತೇನೆ.’

ಎಸಿಎಲ್ ಎಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಮೊಣಕಾಲ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಅಸ್ಥಿರಜ್ಜು. ಓಡುವಾಗ ಗಕ್ಕನೆ ನಿಂತು ತಿರುಗಿದರೆ ಹರಿಯುವುದು ಇದೇ. ಕಬಡ್ಡಿ ಆಟಗಾರರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ. ಆಪರೇಷನ್ ಯಶಸ್ವಿಯಾದರೂ ಆ ಕಾಲಿನ ಮುಂದೊಡೆಯ ಸ್ನಾಯು ಎಷ್ಟೋ ಜನರಲ್ಲಿ ವರ್ಷಗಟ್ಟಲೆ ದುರ್ಬಲವಾಗಿಯೇ ಉಳಿಯುತ್ತದೆ. ಇಳಿಯುವಾಗ ಮೈಭಾರವನ್ನು ನಿಧಾನಿಸಿ ತಡೆಯುವುದು ಮುಖ್ಯವಾಗಿ ಇದೇ ಸ್ನಾಯು. ಹಾಗಾಗಿ ‘ಹತ್ತಿ ಇಳಿಯಬೇಕು’ ಎಂಬ ಗುರಿಯನ್ನೂ ‘ಇಳಿಯುವಾಗ ನೋವು’ ಎಂಬ ಮಾತನ್ನೂ ಒಟ್ಟಿಗೆ ಓದಿದ ಟ್ರೈನರ್‌ಗೆ ಎಲ್ಲಿಂದ ಶುರು ಮಾಡಬೇಕೆಂಬುದು ಹೊಳೆಯುತ್ತದೆ. ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದವರ ಮಂಡಿ ಸೋಲುವುದು ಹೆಚ್ಚಾಗಿ ವಾಪಸು ಬರುವಾಗಲೇ.

ಈಗ ಸಾಮಾನಿನ ಪಟ್ಟಿಯನ್ನು ನೋಡಬೇಕು. ಸಾಮಾನ್ಯ ಟ್ರೆಡ್‌ಮಿಲ್ ಏರುಮುಖವಾಗಿ ಓರೆಯಾಗುತ್ತದೆ, ಇಳಿಜಾರಾಗುವುದಿಲ್ಲ. ಅದರ ಮೇಲೆ ಐದು ತಿಂಗಳು ನಡೆದರೂ ಇಳಿಯುವ ಅಭ್ಯಾಸ ಆಗದು. ಬೇಕಾಗಿರುವುದು ಸುಮಾರು 10 ಸೆಂಟಿಮೀಟರ್ ಎತ್ತರದ ಗಟ್ಟಿ ಹಲಗೆ. ಅದರ ಮೇಲೆ ಬಲಗಾಲಲ್ಲಿ ನಿಂತು, ಮೂರು ಸೆಕೆಂಡ್ ಎಣಿಸುತ್ತಾ ಎಡ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ ಮೇಲೇಳಬೇಕು. ಎಂಟು ಸಲ, ಮೂರು ಸುತ್ತು, ಎಡಗಾಲಿಗೂ ಅಷ್ಟೇ. ಮಂಡಿ ಒಳಕ್ಕೆ ವಾಲಿದರೆ ಹಲಗೆ ಎತ್ತರವಾಯಿತು ಎಂದರ್ಥ. ಎದುರಿನಿಂದ ಫೋನಿನಲ್ಲಿ ವಿಡಿಯೊ ತೆಗೆದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ವಾರಗಳು ಕಳೆದಂತೆ ಹಲಗೆ 15 ಸೆಂಟಿಮೀಟರ್ ಆಗಬೇಕು, ಆಮೇಲೆ ಮನೆಯ ಮೆಟ್ಟಿಲಿನಷ್ಟಾಗಬೇಕು, ಆನಂತರವೇ ಕೈಗೆ ಡಂಬಲ್. ಎರಡೂ ಕಾಲಲ್ಲಿ ಮಾಡುವ ಸ್ಕ್ವಾಟ್‌ಗೆ 10 ಕೆಜಿ ಡಂಬಲ್‌ಗಳು ಬೇಗನೆ ಹಗುರವಾಗುತ್ತವೆ. ಒಂಟಿಗಾಲಿನ ಈ ಕಸರತ್ತಿಗೆ ಬಹುಕಾಲ ಸಾಕಾಗುತ್ತವೆ.

ಷಟಲ್ ಆಡುವುದನ್ನು ವ್ಯಾಯಾಮವೆಂದು ಲೆಕ್ಕಕ್ಕೇ ಹಿಡಿಯದೆ ಎಷ್ಟೋ ಮಂದಿ ಸಂದೇಶದಲ್ಲಿ ಬರೆಯುವುದಿಲ್ಲ. ಆದರೆ ಎರಡು ಗಂಟೆ ಮುಂದಕ್ಕೆ ಹಾರಿ ಬಗ್ಗಿ ಆಡಿದ ಕಾಲಿಗೆ ಸೋಮವಾರ ಬೆಳಿಗ್ಗೆ ಮತ್ತೆ ಕೆಲಸ ಕೊಟ್ಟರೆ ಮಂಡಿ ಮುನಿಯುವ ಸಂಭವ ಹೆಚ್ಚು. ನೋವು ಬಂದಾಗ ದೂರು ಹಲಗೆಯ ಮೇಲೆ ಬೀಳುತ್ತದೆ. ವಿಷಯ ಗೊತ್ತಿದ್ದ ಟ್ರೈನರ್ ಸೋಮವಾರವನ್ನು ಎದೆ, ಬೆನ್ನು, ತೋಳಿಗೆ ಇಟ್ಟು, ಕಾಲಿನ ಮುಖ್ಯ ಕೆಲಸವನ್ನು ಬುಧವಾರಕ್ಕೆ ಹಾಕುತ್ತಾರೆ. ಶುಕ್ರವಾರ ಹಗುರವಾಗಿ ಇನ್ನೊಂದು ಸಲ.

ಮಾತ್ರೆಯ ಹೆಸರೂ ಬೇಕೇ ಬೇಕು. ಬಿಪಿಗೆ ಕೊಡುವ ಕೆಲವು ಔಷಧಿಗಳು, ಅದರಲ್ಲೂ ಬೀಟಾ ಬ್ಲಾಕರ್‌ಗಳು, ಎದೆಬಡಿತ ಏರದಂತೆ ತಡೆಯುತ್ತವೆ. ವಾಚು ತೋರಿಸುವ ಸಂಖ್ಯೆಯನ್ನು ನಂಬಿ ವೇಗ ಹೆಚ್ಚಿಸಿದರೆ ದೇಹಕ್ಕೆ ಅತಿಯಾಗುತ್ತದೆ. ಇಂಥವರಿಗೆ ನಡೆಯುತ್ತಾ ಮಾತಾಡಲು ಆಗುತ್ತದೆಯೇ ಎಂದು ನೋಡುವುದೇ ಒಳ್ಳೆಯ ಅಳತೆ. ಶ್ರಮಪಟ್ಟಾಗ ಎದೆನೋವು ಅಥವಾ ತಲೆಸುತ್ತು ಬರುವುದಿದ್ದರೆ ಟ್ರೈನರ್‌ಗಿಂತ ಮೊದಲು ವೈದ್ಯರನ್ನು ಕಾಣಬೇಕು. ಮಂಡಿ ಸಿಕ್ಕಿಹಾಕಿಕೊಂಡು ಬಿಡಿಸಲಾಗದಿದ್ದರೆ, ನಡೆಯುವಾಗ ಕೈಕೊಟ್ಟರೆ, ಕಾರಣವಿಲ್ಲದೆ ಊದಿದರೆ ಮೂಳೆ ತಜ್ಞರ ಬಳಿ ಹೋಗಬೇಕು. ಇವನ್ನು ಸಂದೇಶದಲ್ಲಿ ಮುಚ್ಚಿಟ್ಟರೆ ಎಂಥ ಒಳ್ಳೆಯ ಟ್ರೈನರ್ ಆದರೂ ತಪ್ಪು ದಾರಿ ಹಿಡಿಯುತ್ತಾರೆ.

ಶುರುವಾದ ಮೇಲೆ ಪ್ರತಿ ಗುರುವಾರ ಬೆಳಿಗ್ಗೆ ಒಂದು ಸಾಲು ಬರೆದು ಕಳಿಸಿದರೆ ಸಾಕು: ನಿನ್ನೆ ಎಷ್ಟೆತ್ತರದ ಹಲಗೆ, ಮಾಡುವಾಗ ಹತ್ತಕ್ಕೆ ಎಷ್ಟು ನೋವು, ಇವತ್ತು ಮೆಟ್ಟಿಲು ಇಳಿದಾಗ ಹೇಗಿತ್ತು. ಮಾಡುವಾಗ ನೋವು ಮೂರು ದಾಟದೆ, ಮಾರನೆಯ ಬೆಳಿಗ್ಗೆ ಎಂದಿನಂತೆಯೇ ಇದ್ದರೆ ಮುಂದುವರಿಯಬಹುದು. ಬೆಳಿಗ್ಗೆ ನೋವು ಹೆಚ್ಚಿದ್ದರೆ ಅಥವಾ ಮಂಡಿ ದಪ್ಪಗಿದ್ದರೆ ಮುಂದಿನ ಬುಧವಾರ ಹಲಗೆ ಒಂದು ಹಂತ ಕೆಳಗೆ.